ಸಂಕಮ್ಮನ ಸಾಲನ್ನ ಶಾರ್ಟ್ ಫಿಲ್ಮ್ ಮಾಡಿದ್ದು ಹೀಗೆ

ಮಾದಪ್ಪನ ಕಾವ್ಯ ಪೂರ್ತಿ ಕೇಳ್ಬೇಕು ಅಂದ್ರೆ ಒಂದು ರಾತ್ರಿ ಸಾಲಲ್ಲ, ನಮ್ದು 15 ನಿಮಿಷದ ಫಿಲ್ಮು. ಅದಕ್ಕೆ ಆ ಕಾವ್ಯದ ಒಂದು ಭಾಗವಾದ ಸಂಕಮ್ಮನ ಸಾಲಲ್ಲಿ ಒಂದೇ ಘಟ್ಟ ತಗೊಂಡ್ವಿ, ಕಾಡಿಗೆ ಹೊರಟ ಗಂಡ ಹೆಂಡ್ತಿ ಮೇಲೆ ಅನುಮಾನಪಟ್ಟು, ನಿಷ್ಠೆಯಿಂದ ಇರ್ತೀನಿ ಅಂತ ಭಾಷೆ ಕೊಡು ಅಂತ ಪೀಡಿಸ್ತಾನೆ, ಅವಳು ಕೊಡಲ್ಲ, ಅಷ್ಟೇ.

ಕಂಸಾಳೆ ಮೇಳದಲ್ಲಿ ಮುಖ್ಯ ಗಾಯಕ ಒಂದು ಸಾಲು ಹೇಳ್ತಾನೆ, ಹಿಮ್ಮೇಳದವ್ರು ಪ್ರತಿ ಸಾಲಿಗೂ ಮರಳಿ ಬರೋ ಸೊಲ್ಲು ಎತ್ಕೊತಾರೆ, ಮಧ್ಯ ಮಧ್ಯ ಹಾಡು ನಿಂತು ಮಾತಲ್ಲಿ ಕತೆ ಓಡುತ್ತೆ. ಎಡಿಟಿಂಗಿಗೆ ಕೂತವ್ರಿಗೆಲ್ಲ ಮೊದಲು ಕಣ್ಣಿಗೆ ಬೀಳೋದೇ ಈ ಸೊಲ್ಲು, "ಅದೇ ಅದೇ ಬರ್ತಿದೆ, ತೆಗೆದ್ಬಿಡೋಣ" ಅಂತಾರೆ. ನಾನು ಒಪ್ಪಲಿಲ್ಲ. ಗಾಯಕ ಮುಂದಿನ ಸಾಲು ನೆನಪು ಮಾಡ್ಕೊಳೋದು ಆ ಹೊತ್ತಲ್ಲೇ, ಕೇಳೋರಿಗೆ ಹಿಂದಿನ ಸಾಲು ಒಳಗಿಳಿಯೋದೂ ಅಲ್ಲೇ. ಸೊಲ್ಲು ತೆಗೆದ್ರೆ ಸಂಕಮ್ಮ "ಕೊಡಲ್ಲ" ಅಂದಿದ್ದು ಬರೀ ಸುದ್ದಿ ಆಗೋಗುತ್ತೆ.

ಹಂಗಾಗಿ ಮೊದಲು ಹಾಡು ಒಂದೇ ಓಟದಲ್ಲಿ ರೆಕಾರ್ಡ್ ಮಾಡಿ ಆಮೇಲೆ ಅದರ ಮೇಲೆ ಚಿತ್ರ ಕೂರಿಸಿದ್ವಿ. ವೇಗ ಒಂದೇ ಸಮ ಇಡೋ ಕ್ಲಿಕ್ ಟ್ರ್ಯಾಕ್ ಹಾಕ್ಲಿಲ್ಲ, ಯಾಕಂದ್ರೆ ಜಗಳ ಏರ್ತಾ ಏರ್ತಾ ಲಯನೂ ತಾನಾಗೇ ಏರುತ್ತೆ. ಕಂಸಾಳೆ ಕಂಚು, ಏಟು ಬಿದ್ದಾಗ ಲೆವೆಲ್ ಒಮ್ಮೆಲೆ ಮೇಲಕ್ಕೆ ಹಾರುತ್ತೆ, ಅದಕ್ಕೆ ಗಾಯಕರ ಮೈಕನ್ನ ಬಾಯಿಗೆ ಹತ್ರ ಇಟ್ಟು ಬಟ್ಟಲಿನ ಎದುರಿಂದ ತಪ್ಪಿಸಿ, ಪೀಕು -12 ಡಿಬಿ ದಾಟದ ಹಾಗೆ ನೋಡ್ಕೊಂಡ್ವಿ. ಅದೇ ಏಟು ಕ್ಯಾಮೆರಾಗಳನ್ನ ಸಿಂಕ್ ಮಾಡೋಕೂ ಆಯ್ತು, ಕ್ಲ್ಯಾಪ್ ಬೋರ್ಡೇ ಬೇಕಾಗ್ಲಿಲ್ಲ.

ಉದ್ದ ಇಳಿಸ್ಬೇಕಾದಾಗ ಸಾಲು-ಸೊಲ್ಲಿನ ಜೋಡಿ ಒಡೀಲಿಲ್ಲ, ಹಾಡಿನ ಒಂದು ಪದವನ್ನ ಪೂರ್ತಿ ತೆಗೆದು ಮಾತಿನ ಜಾಗದಲ್ಲಿ ಬೆಸುಗೆ ಹಾಕಿದ್ವಿ. ಅಲ್ಲೂ ಏಕತಾರಿ ನಾದ ಹಿಂದೆ ಓಡ್ತಿದ್ರೆ ಕಟ್ ಮಾಡಿದ್ದು ಕೇಳಿಸ್ಬಿಡುತ್ತೆ, ಅದಕ್ಕೆ ಬರೀ ತಂತಿ ಮೀಟಿಸಿ ಬೇರೆ ರೆಕಾರ್ಡ್ ಮಾಡಿಟ್ಕೊಂಡು ತುಂಬಿದ್ವಿ. ಬೆಸುಗೆ ಸರಿ ಇದ್ಯಾ ಅಂತ ಗೊತ್ತಾಗ್ಬೇಕಾ? ಸ್ಕ್ರೀನ್ ಆಫ್ ಮಾಡಿ ಕಾಲಲ್ಲಿ ತಾಳ ಹಾಕ್ತಾ ಕೇಳಿ, ಕಾಲು ತಡವರಿಸಿದ್ರೆ ಅಲ್ಲಿ ಏನೋ ಎಡವಟ್ಟಾಗಿದೆ.

ಸಂಕಮ್ಮನ ಪಾತ್ರಕ್ಕೆ ನಟಿ ಇರಲಿಲ್ಲ. ಮೇಳದಲ್ಲಿ ಗಂಡ, ಹೆಂಡ್ತಿ, ಮಾದಪ್ಪ ಎಲ್ಲಾ ಒಬ್ಬನೇ ಗಾಯಕ ತಾನೆ. ಅವಳ ಮಾತು ಬಂದಾಗ ಗಾಯಕನ ದನಿ ಕುಗ್ಗುತ್ತೆ, ಕಂಸಾಳೆ ಹಿಡಿದ ಕೈ ಮಡಿಲಿಗೆ ಇಳಿಯುತ್ತೆ, ಆ ಶಾಟನ್ನ ಸಾಲು ಮುಗಿಯೋವರೆಗೂ ಬಿಡ್ಲಿಲ್ಲ. ಸೊಲ್ಲು ಶುರುವಾದ್ಮೇಲೇ ಖಾಲಿ ಗುಡಿಸಲು, ಕಾಡಿನ ಹಾದಿಗೆ ಕಟ್ ಮಾಡಿದ್ದು. ಪ್ರತಿ ಏಟಿಗೂ ಕಟ್ ಮಾಡಿದ್ರೆ ಜಾಹೀರಾತಿನ ಥರ ಆಗುತ್ತೆ.

ಬೀಸು ಕಂಸಾಳೆ ಸೇರಿಸಿ, ಚೆನ್ನಾಗಿ ಕಾಣುತ್ತೆ ಅಂತ ಸುಮಾರು ಜನ ಅಂದ್ರು. ಅದು ಕುಣಿತ, ನಮ್ದು ಕೂತು ಹಾಡೋ ಕತೆ, ಬೇಡ ಅಂದೆ. ನೀವೇನಾದ್ರೂ ಅದನ್ನೇ ಶೂಟ್ ಮಾಡೋದಾದ್ರೆ ವೈಡ್ ಇಡಿ, ಏಟು ಒಬ್ಬರಿಂದ ಒಬ್ಬರಿಗೆ ಹೋಗೋದು ಕ್ಲೋಸಪ್ಪಲ್ಲಿ ಕಾಣೋದೇ ಇಲ್ಲ.