ಹಣವಿಲ್ಲದ ಕಾರಣ ಸ್ನೇಹಿತರ ಪ್ರವಾಸಕ್ಕೆ ಬರುವುದಿಲ್ಲವೆಂದು ನಾನು ಹೇಳಿದ ರೀತಿ

ನಮ್ಮ ಗುಂಪಿನಲ್ಲಿ ಆರು ಮಂದಿ ಇದ್ದೇವೆ. ನಾಲ್ಕು ರಾತ್ರಿಗಳ ಪ್ರವಾಸವೊಂದರ ಮಾತು ಶುರುವಾದಾಗ ನನ್ನ ಬಳಿ ಅದಕ್ಕೆ ಬೇಕಾದಷ್ಟು ಹಣವಿರಲಿಲ್ಲ. ಹಣ ಹೊಂದಿಸಲು ಸಾಧ್ಯವೇ ಇರಲಿಲ್ಲವೆಂದಲ್ಲ, ಸಾಲ ಮಾಡಿದ್ದರೆ ಅಥವಾ ಕಷ್ಟಕಾಲಕ್ಕೆಂದು ಕೂಡಿಟ್ಟದ್ದಕ್ಕೆ ಕೈ ಹಾಕಿದ್ದರೆ ಹೋಗಬಹುದಾಗಿತ್ತು. ಆದರೆ ಎರಡನ್ನೂ ಮಾಡಬಾರದೆಂದು ನಾನು ಮೊದಲೇ ನಿರ್ಧರಿಸಿದ್ದೆ. ಹಾಗಾಗಿ ನನ್ನ ಮುಂದೆ ಉಳಿದದ್ದು ಆ ವಿಷಯವನ್ನು ಯಾವಾಗ, ಯಾರಿಗೆ, ಯಾವ ಮಾತಿನಲ್ಲಿ ಹೇಳಬೇಕೆಂಬುದು ಮಾತ್ರ.

ಯಾವಾಗ ಎಂಬುದು ಈ ಮೂರರಲ್ಲಿ ಹೆಚ್ಚು ಮುಖ್ಯವಾದದ್ದು, ಮತ್ತು ಅದು ಲೆಕ್ಕದ ಪ್ರಶ್ನೆಯೂ ಹೌದು. ಗುಂಪು ಪ್ರವಾಸದ ಖರ್ಚಿನಲ್ಲಿ ಎರಡು ಬಗೆಗಳಿವೆ. ಟಿಕೆಟ್, ಊಟದಂತಹವು ಅವರವರ ಖರ್ಚು. ಒಬ್ಬರು ಬಾರದಿದ್ದರೆ ಉಳಿದವರಿಗೆ ಅದರಿಂದ ವ್ಯತ್ಯಾಸವಾಗುವುದಿಲ್ಲ. ಬಾಡಿಗೆಗೆ ಹಿಡಿಯುವ ಮನೆ ಮತ್ತು ವಾಹನ ಮಾತ್ರ ತಲೆಗೆ ಇಷ್ಟೆಂದು ಹಂಚಿಹೋಗುವ ಖರ್ಚು. ಆರು ಮಂದಿ ಹಂಚಿಕೊಳ್ಳುವಾಗ ತಲೆಗೆ 100 ಬರುತ್ತಿದ್ದರೆ, ಐವರಾದಾಗ ಅದು 120 ಆಗುತ್ತದೆ. ಹತ್ತು ಜನರ ಗುಂಪಿನಲ್ಲಿ ಒಬ್ಬರು ಹಿಂದೆ ಸರಿದರೆ ಪಾಲು ಸುಮಾರು 111 ಆಗುತ್ತದೆ, ಅಷ್ಟನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಮೂವರಲ್ಲಿ ಒಬ್ಬರು ಸರಿದರೆ ಉಳಿದಿಬ್ಬರ ಪಾಲು 150 ಆಗುತ್ತದೆ, ಆಗ ಇಡೀ ಪ್ರವಾಸವೇ ನಿಂತುಹೋಗಬಹುದು. ಮುಂಗಡ ಕೊಡುವ ಮೊದಲೇ ಹೇಳಿದರೆ ಉಳಿದ ಐವರು ಚಿಕ್ಕ ಮನೆಯನ್ನೋ ಚಿಕ್ಕ ವಾಹನವನ್ನೋ ಹುಡುಕಿ ಆ ಹೆಚ್ಚುವರಿ 20ನ್ನು ತಪ್ಪಿಸಿಕೊಳ್ಳಬಹುದು. ಮುಂಗಡ ಕೊಟ್ಟ ಮೇಲೆ ಹೇಳಿದರೆ ಅದನ್ನು ಅವರೇ ಹೊರಬೇಕು, ಇಲ್ಲವೇ ನಾನು ಹೋಗದ ಪ್ರವಾಸಕ್ಕೆ ನನ್ನ ಪಾಲನ್ನು ಕಟ್ಟಬೇಕು. ತಡವಾಗಿ ಹೇಳಿದಾಗ ಹುಟ್ಟುವ ಇರುಸುಮುರುಸಿನಲ್ಲಿ ದೊಡ್ಡ ಭಾಗ ಈ 20ರಿಂದ ಬರುತ್ತದೆಯೇ ಹೊರತು ನಮ್ಮ ಬಳಿ ಹಣವಿಲ್ಲ ಎಂಬುದರಿಂದಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ.

ತಡವಾಗುವುದಕ್ಕೆ ಸಾಮಾನ್ಯ ಕಾರಣ ಮೌನ. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾಂಕ ಆರಿಸಲು ಪೋಲ್ ಹಾಕಿದಾಗ, ಹೇಗೂ ಹೋಗುವುದಿಲ್ಲವಲ್ಲ ಎಂದುಕೊಂಡು ಯಾವುದೋ ಒಂದು ದಿನಾಂಕವನ್ನು ಒತ್ತಿ ಸುಮ್ಮನಿರುವವರಿದ್ದಾರೆ. ಪ್ರವಾಸ ಹೊಂದಿಸುವವರು ಆ ಒತ್ತನ್ನು ಒಪ್ಪಿಗೆ ಎಂದೇ ಎಣಿಸುತ್ತಾರೆ, ಹಾಗೆ ಎಣಿಸುವುದರಲ್ಲಿ ಅವರ ತಪ್ಪೇನೂ ಇಲ್ಲ. ಆದ್ದರಿಂದ ನಾನು ಪೋಲ್‌ನಲ್ಲಿ ಭಾಗವಹಿಸಲಿಲ್ಲ. ಅದೇ ಸಂಜೆ ಎಲ್ಲವನ್ನೂ ಹೊಂದಿಸುತ್ತಿದ್ದ ಗೆಳತಿಗೆ ಕರೆ ಮಾಡಿದೆ.

ಗುಂಪಿಗೆ ಬರೆಯುವ ಮೊದಲು ಅವಳೊಬ್ಬಳಿಗೇ ಹೇಳಿದ್ದಕ್ಕೆ ಕಾರಣವಿದೆ. ಲೆಕ್ಕ ಬದಲಾಯಿಸಬೇಕಾದವಳು ಅವಳು, ಹಾಗಾಗಿ ಎಲ್ಲರ ಎದುರಿಗೆ ಮೊದಲ ಬಾರಿ ಕೇಳಿ ಗಲಿಬಿಲಿಗೊಳ್ಳುವ ಸ್ಥಿತಿ ಅವಳಿಗೆ ಬರಬಾರದು. ಅಲ್ಲದೆ ಗುಂಪಿನಲ್ಲಿ ನನ್ನ ಸಂದೇಶ ಬಿದ್ದ ಕೂಡಲೇ ಮೊದಲ ಉತ್ತರ ಕೊಡುವವಳು ಬಹುತೇಕ ಅವಳೇ, ಮತ್ತು ಆ ಮೊದಲ ಉತ್ತರದ ಧಾಟಿಯನ್ನೇ ಉಳಿದವರೂ ಹಿಡಿಯುತ್ತಾರೆ. ಅವಳು ನೇರವಾಗಿ ಕೇಳಿದಳು: “ರಜೆಯ ತೊಂದರೆಯೋ, ಹಣದ್ದೋ?” ನಾನೂ ನೇರವಾಗಿ ಹೇಳಿದೆ: “ಹಣದ್ದೇ. ಈ ವರ್ಷ ಪ್ರವಾಸಕ್ಕೆಂದು ತೆಗೆದಿಟ್ಟದ್ದು ಏನೂ ಇಲ್ಲ.”

ಇಲ್ಲಿ ಬೇರೊಂದು ನೆಪ ಹೇಳುವುದು ಸುಲಭವೆಂದು ಅನೇಕರಿಗೆ ತೋರುತ್ತದೆ, ಆದರೆ ನಮ್ಮ ಗುಂಪಿನಲ್ಲೇ ಹಿಂದೊಮ್ಮೆ ಅದು ಹೇಗೆ ಕೆಟ್ಟಿತೆಂಬುದನ್ನು ನಾನು ನೋಡಿದ್ದೆ. ಒಬ್ಬ ಗೆಳೆಯ ರಜೆ ಸಿಗಲಿಲ್ಲವೆಂದು ಹೇಳಿದ. ಅವನ ಮೇಲಿನ ಪ್ರೀತಿಯಿಂದ ಎಲ್ಲರೂ ದಿನಾಂಕವನ್ನು ಒಂದು ವಾರ ಮುಂದಕ್ಕೆ ಹಾಕಿದರು, ಒಬ್ಬಳು ತನ್ನ ಟಿಕೆಟ್ಟನ್ನೂ ಬದಲಾಯಿಸಿದಳು. ಆಗ ಅವನಿಗೆ ಎರಡನೆಯ ನೆಪ ಬೇಕಾಯಿತು. ರಜೆ, ಆರೋಗ್ಯ, ಮನೆಯ ಕೆಲಸ ಇವೆಲ್ಲ ಸ್ನೇಹಿತರು ಪರಿಹಾರ ಹುಡುಕಬಲ್ಲ ಕಾರಣಗಳು. ಒಳ್ಳೆಯ ಸ್ನೇಹಿತರಾದಷ್ಟೂ ಹೆಚ್ಚು ಶ್ರದ್ಧೆಯಿಂದ ಹುಡುಕುತ್ತಾರೆ, ಅಷ್ಟರಮಟ್ಟಿಗೆ ಸುಳ್ಳೂ ಬೆಳೆಯುತ್ತದೆ. ನಿಜವಾದ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ ಯಾರೂ ವೃಥಾ ಶ್ರಮಪಡಬೇಕಾಗುವುದಿಲ್ಲ.

ಕರೆ ಮುಗಿದ ಮೇಲೆ ಗುಂಪಿಗೆ ನಾನು ಬರೆದ ಸಂದೇಶ ಹೀಗಿತ್ತು:

“ನೀವು ಕಳಿಸಿದ ಮನೆಗಳನ್ನೆಲ್ಲ ನೋಡಿದೆ, ಕೆರೆಯ ಕಡೆಗೆ ಜಗಲಿ ಇರುವ ಎರಡನೆಯದು ನನಗೆ ತುಂಬಾ ಹಿಡಿಸಿತು. ಈ ಸಲ ನಾನು ಬರುತ್ತಿಲ್ಲ, ನನ್ನ ಈ ವರ್ಷದ ಖರ್ಚಿನ ಲೆಕ್ಕಕ್ಕೆ ಪ್ರವಾಸ ಹೊಂದುವುದಿಲ್ಲ. ಐದು ಜನರೆಂದೇ ಲೆಕ್ಕ ಹಾಕಿ ಬುಕ್ ಮಾಡಿ. ದಾರಿಯಲ್ಲಿ ನೋಡಬಹುದಾದ ಜಾಗಗಳನ್ನು ಹುಡುಕಿ ಕೊಡುತ್ತೇನೆ. ಬೆಳಿಗ್ಗೆ ಬೇಗ ಹೊರಡುತ್ತೀರೋ, ನಿಧಾನವಾಗಿ ಹೋಗುತ್ತೀರೋ?”

ಇದರ ಒಂದೊಂದು ಮಾತನ್ನೂ ಯೋಚಿಸಿಯೇ ಬರೆದೆ. ಮೊದಲ ವಾಕ್ಯದಲ್ಲಿ ಜಗಲಿಯ ಮಾತನ್ನು ತಂದದ್ದು ಹೊಗಳಿಕೆಗಲ್ಲ, ಅವರ ಯೋಜನೆಯನ್ನು ನಾನು ಗಮನವಿಟ್ಟು ನೋಡಿದ್ದೇನೆಂದು ತಿಳಿಯಲಿ ಎಂದು. “ಚೆನ್ನಾಗಿದೆ” ಎಂದಷ್ಟೇ ಬರೆದಿದ್ದರೆ ಅದು ಇಲ್ಲವೆನ್ನುವುದಕ್ಕೆ ಮುಂಚಿನ ಉಪಚಾರದಂತೆ ಕೇಳುತ್ತಿತ್ತು. “ಬರುವುದು ಕಷ್ಟವಾಗಬಹುದು” ಎನ್ನದೆ “ಬರುತ್ತಿಲ್ಲ” ಎಂದೆ, ಏಕೆಂದರೆ ಅನುಮಾನದ ಮಾತು ಕೇಳಿದವರು ಒತ್ತಾಯಿಸುವುದೇ ಸ್ನೇಹವೆಂದು ತಿಳಿಯುತ್ತಾರೆ, ಮತ್ತು ನಾನು ಮತ್ತೆ ಮತ್ತೆ ಇಲ್ಲವೆನ್ನಬೇಕಾಗುತ್ತದೆ. ಹಣದ ಕಾರಣವನ್ನು ಅರ್ಧ ವಾಕ್ಯದಲ್ಲಿ ಮುಗಿಸಿದೆ. ಯಾವ ಸಾಲದ ಕಂತು, ಎಷ್ಟು ಸಂಬಳ, ಯಾವ ಅನಿರೀಕ್ಷಿತ ಖರ್ಚು ಎಂದು ವಿವರಿಸತೊಡಗಿದರೆ ಓದುವವರಿಗೆ ನನ್ನ ಬಗ್ಗೆ ಮರುಕ ಹುಟ್ಟುತ್ತದೆ, ಆಮೇಲೆ ನನ್ನೆದುರು ಪ್ರವಾಸದ ಮಾತಾಡಲು ಅವರೇ ಹಿಂಜರಿಯುತ್ತಾರೆ. ಕ್ಷಮೆಯನ್ನೂ ಕೇಳಲಿಲ್ಲ. ಕ್ಷಮೆ ಕೇಳಿದರೆ ಐವರೂ ಒಬ್ಬೊಬ್ಬರಾಗಿ ಸಮಾಧಾನ ಹೇಳಬೇಕು, ಆ ಸಂಜೆಯ ಮಾತೆಲ್ಲ ನನ್ನ ಸುತ್ತಲೇ ತಿರುಗುತ್ತದೆ. ಗುಂಪಿನ ಉತ್ಸಾಹ ಕುಂದುವುದು ಹೆಚ್ಚಾಗಿ ಹೀಗೆಯೇ.

ಕೊನೆಯ ಪ್ರಶ್ನೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗುಂಪಿನಲ್ಲಿ ಜನರು ಸಾಮಾನ್ಯವಾಗಿ ಸಂದೇಶದ ಕೊನೆಯ ಸಾಲಿಗೆ ಉತ್ತರಿಸುತ್ತಾರೆ. ನನ್ನ ಸಂದೇಶ “ಬರುತ್ತಿಲ್ಲ” ಎಂಬಲ್ಲಿ ನಿಂತಿದ್ದರೆ ಉತ್ತರಗಳೆಲ್ಲ ಅದಕ್ಕೇ ಬರುತ್ತಿದ್ದವು. ಪ್ರಶ್ನೆಯಲ್ಲಿ ಮುಗಿಸಿದ್ದರಿಂದ ಒಬ್ಬ “ಅಯ್ಯೋ, ನೀನಿಲ್ಲದೆ ಹೇಗೆ? ಹೋಗಲಿ, ಬೆಳಿಗ್ಗೆ ಐದಕ್ಕೆಲ್ಲ ನನ್ನನ್ನು ಎಬ್ಬಿಸಬೇಡಿ” ಎಂದು ಬರೆದ, ಇನ್ನೊಬ್ಬಳು ಬೇಗ ಹೊರಡಲೇಬೇಕೆಂದು ವಾದಕ್ಕಿಳಿದಳು, ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಹೊರಡುವ ಸಮಯದ ಚರ್ಚೆಯಲ್ಲಿ ಮುಳುಗಿದ್ದರು. ಆದರೆ ಹುಡುಕಿ ಕೊಡುತ್ತೇನೆಂದು ಹೇಳಿದರೆ ನಿಜವಾಗಿಯೂ ಹುಡುಕಿ ಕೊಡಬೇಕು. ಮನಸ್ಸಿಲ್ಲದಿದ್ದರೆ ಆ ಭರವಸೆ ಬೇಡ, ಪ್ರಶ್ನೆಯೊಂದೇ ಸಾಕು.

ಮರುದಿನ ಗೆಳತಿ ಮತ್ತೆ ಕರೆ ಮಾಡಿ, ನನ್ನ ಪಾಲನ್ನು ಎಲ್ಲರೂ ಸೇರಿ ಹಾಕುತ್ತೇವೆಂದು ಹೇಳಿದಳು. ಇದಕ್ಕೆ ಉತ್ತರವನ್ನು ಮೊದಲೇ ಸಿದ್ಧಪಡಿಸಿಕೊಂಡಿರಬೇಕು, ಏಕೆಂದರೆ ಪ್ರೀತಿಯಿಂದ ಬಂದ ಮಾತಿನೆದುರು ತಡವರಿಸಿದರೆ ಅದು ಒಪ್ಪಿಗೆಯಂತೆಯೇ ಕಾಣುತ್ತದೆ. ನಾನು ಹೇಳಿದ್ದು ಇಷ್ಟು: “ನೀವು ಹೀಗೆ ಯೋಚಿಸಿದ್ದು ನನಗೆ ನಿಜವಾಗಿಯೂ ಸಂತೋಷ ತಂದಿದೆ. ಆದರೆ ಬೇಡ. ಮನೆಯ ಪಾಲನ್ನು ನೀವು ಕೊಟ್ಟರೂ ಪ್ರತಿ ಊಟಕ್ಕೆ ಕೂತಾಗ ನಾನು ಬೆಲೆ ನೋಡುತ್ತಿರುತ್ತೇನೆ, ಅದು ನಿಮಗೂ ಕಾಣುತ್ತದೆ.” ಇದು ಸ್ವಾಭಿಮಾನದ ಮಾತಷ್ಟೇ ಅಲ್ಲ. ಸ್ನೇಹಿತರು ಸಾಮಾನ್ಯವಾಗಿ ಹೊರಲು ಮುಂದಾಗುವುದು ಹಂಚಿಹೋಗುವ ಖರ್ಚನ್ನು. ಪ್ರವೇಶದ ಟಿಕೆಟ್, ದಾರಿಯ ತಿಂಡಿ, ಯಾರಿಗೋ ಥಟ್ಟನೆ ಹೊಳೆದ ದೋಣಿ ವಿಹಾರ ಇಂತಹವು ನಮ್ಮ ತಲೆಯ ಮೇಲೆಯೇ ಉಳಿಯುತ್ತವೆ, ಆಗ ಪ್ರತಿ ಸಲವೂ ಯಾರಾದರೂ ಕೊಡಬೇಕು ಅಥವಾ ನಾವು ಹೊರಗೆ ಕಾದು ಕೂರಬೇಕು. “ಆಮೇಲೆ ಕೊಡು” ಎಂದರೆ ಅದೂ ಸಾಲವೇ, ಬಡ್ಡಿ ಇಲ್ಲವೆಂಬುದಷ್ಟೇ ವ್ಯತ್ಯಾಸ. ಎಲ್ಲ ಸಂದರ್ಭಕ್ಕೂ ಇದೇ ಉತ್ತರ ಸರಿಯೆಂದು ನಾನು ಹೇಳುವುದಿಲ್ಲ. ಅನುಕೂಲಸ್ಥರಾದ ಒಬ್ಬರೇ ಸ್ನೇಹಿತರು, ಉಳಿದವರಿಗೆ ತಿಳಿಸದೆ, ಆರಂಭದಿಂದ ಕೊನೆಯವರೆಗಿನ ಖರ್ಚನ್ನೆಲ್ಲ ಉಡುಗೊರೆಯಾಗಿ ಕೊಡುತ್ತೇನೆಂದರೆ ಮತ್ತು ನಮ್ಮ ಮನಸ್ಸಿಗೆ ಅದು ಭಾರವೆನಿಸದಿದ್ದರೆ ಸ್ವೀಕರಿಸುವುದರಲ್ಲಿ ತಪ್ಪೇನಿಲ್ಲ.

ಕಡಿಮೆ ಖರ್ಚಿನ ಜಾಗಕ್ಕೆ ಹೋಗೋಣವೆಂದು ಸೂಚಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎಲ್ಲಿಗೆ ಹೋಗಬೇಕೆಂಬುದೇ ತೀರ್ಮಾನವಾಗದಿರುವಾಗ ಅದು ಒಳ್ಳೆಯ ದಾರಿ, ಆಗ “ನನ್ನ ಮಿತಿ ಇಷ್ಟು, ಇದರೊಳಗಾದರೆ ಬರುತ್ತೇನೆ” ಎಂದು ಒಂದು ಮೊತ್ತವನ್ನು ಒಮ್ಮೆ ಹೇಳಬೇಕು. ಮೊತ್ತ ಹೇಳದೆ “ಸ್ವಲ್ಪ ಕಡಿಮೆಯದು ನೋಡೋಣ” ಎಂದರೆ ಎಷ್ಟು ಕಡಿಮೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಆದರೆ ಜಾಗ ನಿಶ್ಚಯವಾಗಿ, ಮನೆಗಳ ಚಿತ್ರಗಳು ಓಡಾಡತೊಡಗಿದ ಮೇಲೆ ಅದೇ ಮಾತು ಐವರ ಆಸೆಯ ಮೇಲೆ ಹೇರಿದ ಒತ್ತಡವಾಗುತ್ತದೆ. ನನಗೆ ವಿಷಯ ತಿಳಿಯುವ ಹೊತ್ತಿಗೆ ಜಾಗ ನಿಶ್ಚಯವಾಗಿದ್ದರಿಂದ ನಾನು ಆ ಮಾತನ್ನು ಎತ್ತಲಿಲ್ಲ.

ಅವರು ಹೋಗಿದ್ದ ದಿನಗಳಲ್ಲಿ ನಾನು ಗುಂಪನ್ನು ಮ್ಯೂಟ್ ಮಾಡಲಿಲ್ಲ, ಪ್ರತಿ ಚಿತ್ರದ ಕೆಳಗೂ ಬರೆಯುತ್ತ ಕೂರಲೂ ಇಲ್ಲ. ಹೊಟ್ಟೆಯುರಿಯ ಮಾತು ತಮಾಷೆಗೆ ಬರೆದರೂ ಚಿತ್ರ ಕಳಿಸುವವರ ಕೈ ಬಿಗಿಯಾಗುತ್ತದೆ, ಆದ್ದರಿಂದ ಅಂತಹದ್ದನ್ನು ಬಿಟ್ಟು, ಚಿತ್ರದಲ್ಲಿ ಕಂಡದ್ದರ ಬಗ್ಗೆ ಕೇಳಿದೆ: ಆ ಜಗಲಿಯಿಂದ ಕೆರೆ ನಿಜಕ್ಕೂ ಅಷ್ಟು ಹತ್ತಿರವೇ, ರಾತ್ರಿ ಚಳಿ ಹೇಗಿತ್ತು ಎಂದು. ಇನ್ನೊಂದು ಸಣ್ಣ ಕೆಲಸವನ್ನೂ ಅವರು ಹೊರಡುವ ಮೊದಲೇ ಮಾಡಿಸಿದೆ. ಖರ್ಚು ಹಂಚಿಕೊಳ್ಳಲು ನಾವು ಬಳಸುವ ಆ್ಯಪ್‌ನಲ್ಲಿ ಹಳೆಯ ಪ್ರವಾಸದ ಗುಂಪೇ ಮುಂದುವರಿದಿತ್ತು, ಅದರಲ್ಲಿ ನನ್ನ ಹೆಸರೂ ಇತ್ತು. ಹಾಗೆಯೇ ಬಿಟ್ಟಿದ್ದರೆ ಅವರ ಪ್ರತಿ ಖರ್ಚೂ ಆರು ಪಾಲಾಗಿ ನನ್ನ ಹೆಸರಿನಲ್ಲಿ ಬಾಕಿ ಬೆಳೆಯುತ್ತಿತ್ತು, ಹಿಂದಿರುಗಿದ ಮೇಲೆ ಎಲ್ಲವನ್ನೂ ಮತ್ತೆ ಲೆಕ್ಕ ಹಾಕುವ ಮುಜುಗರದ ಕೆಲಸ ಗೆಳತಿಯ ಪಾಲಿಗೆ ಬರುತ್ತಿತ್ತು. ಐವರಿಗೆ ಹೊಸ ಗುಂಪು ಮಾಡುವಂತೆ ಅವಳಿಗೆ ಹೇಳಿದೆ, ಅವಳು ಅಲ್ಲೇ ಮಾಡಿ ಮುಗಿಸಿದಳು.