ಫ್ರೆಂಚ್ ಔಷಧಿ ಅಂಗಡಿಯಲ್ಲಿ ಮಾತಾಡುವುದು ಹೇಗೆ? ಮನೆಯಲ್ಲೇ ಆಡಿ ನೋಡಿ

ಪ್ಯಾರಿಸ್‌ಗೆ ಹೋದ ಎರಡನೇ ದಿನ ಗಂಟಲು ಕಟ್ಟಿ ಜ್ವರ ಬಂತು ಅಂದುಕೊಳ್ಳಿ. ಬೀದಿಯಲ್ಲಿ ಹಸಿರು ಶಿಲುಬೆಯ ದೀಪ ಉರಿಯುತ್ತಿದ್ದರೆ ಅದೇ ಔಷಧಿ ಅಂಗಡಿ, ಫ್ರೆಂಚ್‌ನಲ್ಲಿ ಫಾರ್ಮಸಿ. ಒಳಗೆ ಕಪಾಟಿನಿಂದ ನೀವೇ ಮಾತ್ರೆ ಎತ್ತಿಕೊಳ್ಳೋಣ ಅಂದರೆ ಆಗುವುದಿಲ್ಲ. 2020ರ ಜನವರಿಯಿಂದ ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನೂ ಅಲ್ಲಿ ಕೌಂಟರಿನ ಹಿಂದೆಯೇ ಇಡುತ್ತಾರೆ. ವೈದ್ಯರ ಚೀಟಿ ಬೇಡ, ಆದರೆ ಬಾಯಿಬಿಟ್ಟು ಕೇಳಲೇಬೇಕು.

ಪ್ರವಾಸಿಗರ ಪುಸ್ತಕಗಳು ಕೇಳುವುದನ್ನು ಚೆನ್ನಾಗಿ ಕಲಿಸುತ್ತವೆ. ಕಷ್ಟ ಇರುವುದು ಆಮೇಲೆ, ಫಾರ್ಮಸಿಸ್ಟ್ ಎಷ್ಟು ಮಾತ್ರೆ, ಎಷ್ಟು ಹೊತ್ತಿಗೊಮ್ಮೆ ಎಂದು ಹೇಳುವಾಗ. ಅದಕ್ಕೇ ಈ ಆಟದಲ್ಲಿ ಕಿವಿಗೇ ಜಾಸ್ತಿ ಕೆಲಸ. ಇಬ್ಬರು ಬೇಕು: ಒಬ್ಬರು ಫಾರ್ಮಸಿಸ್ಟ್, ಒಬ್ಬರು ಪ್ರವಾಸಿ. ನಡುವೆ ಒಂದು ಮೇಜು, ಒಂದು ಖಾಲಿ ಮಾತ್ರೆ ಡಬ್ಬಿ, ಒಂದು ಪೆನ್ನು.

ಮೊದಲು ಉಚ್ಚಾರ. ಕೆಳಗೆ ಜ ಎಂದು ಬರೆದಲ್ಲಿ ನಮ್ಮ ಜ ಅಲ್ಲ. ಶ್ ಎಂದು ಎಳೆಯುತ್ತಾ ಇರಿ, ನಾಲಿಗೆ ಕದಲಿಸದೆ ಗಂಟಲಿನಿಂದ ದನಿ ಸೇರಿಸಿ. ಬರುವುದೇ ಫ್ರೆಂಚ್ ಜ. ಚುಕ್ಕಿ ಇರುವ ಜ಼ ಎಂದರೆ ಝೀರೋ ಅನ್ನುವಾಗಿನ ಸದ್ದು. ಸೊನ್ನೆ ಇರುವಲ್ಲಿ ತುಟಿ ಮುಚ್ಚಬೇಡಿ, ಸ್ವರವನ್ನು ಮೂಗಿನಿಂದ ಬಿಡಿ. ಇಷ್ಟು ಸಾಕು, ಉಳಿದದ್ದು ಸ್ವಲ್ಪ ಆಚೀಚೆಯಾದರೂ ಅವರಿಗೆ ತಿಳಿಯುತ್ತದೆ.

ಈಗ ಸಂಭಾಷಣೆ. ಒಳಗೆ ಕಾಲಿಟ್ಟ ಕೂಡಲೇ ನಮಸ್ಕಾರ ಹೇಳಬೇಕು. ಅದನ್ನು ಬಿಟ್ಟು ನೇರ ಮಾತ್ರೆ ಕೇಳುವುದು ಅಲ್ಲಿ ಒರಟುತನ.

ಪ್ರವಾಸಿ: ಬೋಂಜೂರ್ ಮದಾಮ್. ಜೇ ಮಾಲ್ ಆ ಲಾ ಗೋರ್ಜ್, ಎ ಜೇ ದ ಲಾ ಫ್ಯೇವ್ರ್. (ನಮಸ್ಕಾರ ಮೇಡಂ. ಗಂಟಲು ನೋವಿದೆ, ಜ್ವರವೂ ಇದೆ.)

ಫಾರ್ಮಸಿಸ್ಟ್: ಬೋಂಜೂರ್. ಸೆ ಪೂರ್ ವೂ? (ನಮಸ್ಕಾರ. ನಿಮಗೇನಾ?)

ಪ್ರವಾಸಿ: ವಿ, ಸೆ ಪೂರ್ ಮ್ವಾ. (ಹೌದು, ನನಗೇ.)

ಫಾರ್ಮಸಿಸ್ಟ್: ದಪ್ವಿ ಕಾಂ? (ಯಾವಾಗಿನಿಂದ?)

ಪ್ರವಾಸಿ: ದಪ್ವಿ ಯೇರ್ ಸ್ವಾರ್. (ನಿನ್ನೆ ಸಂಜೆಯಿಂದ.)

ಫಾರ್ಮಸಿಸ್ಟ್: ವೂಜ಼ಾವೇ ದೇಜ಼ಾಲೆರ್ಜಿ? (ಏನಾದರೂ ಅಲರ್ಜಿ ಇದೆಯಾ?)

ಪ್ರವಾಸಿ: ನೋಂ. (ಇಲ್ಲ.)

ಫಾರ್ಮಸಿಸ್ಟ್: ವೂ ಪ್ರನೇ ದೋತ್ರ್ ಮೆದಿಕಾಮಾಂ? (ಬೇರೆ ಔಷಧಿ ತೆಗೆದುಕೊಳ್ಳುತ್ತೀರಾ?)

ಪ್ರವಾಸಿ: ವಿ, ಪೂರ್ ಲಾ ತಾನ್ಸ್ಯೋಂ. (ಹೌದು, ಬಿ.ಪಿ.ಗೆ.)

ಫಾರ್ಮಸಿಸ್ಟ್: ದಾಕೋರ್. ಅಂ ಕೋಂಪ್ರಿಮೇ ತೂತ್ ಲೇ ಸೀಜ಼ರ್, ತ್ರ್ವಾ ಪಾರ್ ಜೂರ್ ಮಾಕ್ಸಿಮೊಮ್, ಪಾಂದಾಂ ತ್ರ್ವಾ ಜೂರ್. (ಸರಿ. ಆರು ಗಂಟೆಗೊಮ್ಮೆ ಒಂದು ಮಾತ್ರೆ, ದಿನಕ್ಕೆ ಮೂರಕ್ಕಿಂತ ಜಾಸ್ತಿ ಬೇಡ, ಮೂರು ದಿನ.)

ಬಿ.ಪಿ. ಮಾತನ್ನು ಬಿಡಬೇಡಿ. ಐಬುಪ್ರೊಫೆನ್ ರಕ್ತದೊತ್ತಡ ಏರಿಸಬಹುದು, ಕೆಲವು ಬಿ.ಪಿ. ಮಾತ್ರೆಗಳ ಕೆಲಸವನ್ನು ಕುಂದಿಸಬಹುದು. ಅದಕ್ಕೇ ಅವರು ಕೇಳುವುದು. ತಾನ್ಸ್ಯೋಂ ಎಂದರೆ ನಾವು ಹೇಳುವ ಟೆನ್ಶನ್ ಅಲ್ಲ, ಬಿ.ಪಿ.ಯೇ. ನಿಮ್ಮ ಮಾತ್ರೆಯ ಕಂಪನಿ ಹೆಸರು ಹೇಳಿದರೆ ಅಲ್ಲಿ ಗೊತ್ತಾಗದೆ ಇರಬಹುದು. ಆದ್ದರಿಂದ ಮಾತ್ರೆಯ ಸ್ಟ್ರಿಪ್ಪನ್ನೇ ಹೊರತೆಗೆದು, ಅದರ ಮೇಲೆ ಅಮ್ಲೋಡಿಪಿನ್ ಎಂದೋ ಮೆಟ್‌ಫಾರ್ಮಿನ್ ಎಂದೋ ಇರುವ ಔಷಧದ ಹೆಸರನ್ನು ತೋರಿಸಿ. ಅದು ಫ್ರೆಂಚ್‌ನಲ್ಲೂ ಹೆಚ್ಚುಕಡಿಮೆ ಅದೇ.

ಮಾತ್ರೆಗೆ ಕೋಂಪ್ರಿಮೇ ಎಂದೇ ಹೇಳಿ. ಇಂಗ್ಲಿಷಿನ ಪಿಲ್ ನೆನಪಿಸಿಕೊಂಡು ಲಾ ಪಿಲ್ಯೂಲ್ ಅಂದರೆ, ಅಲ್ಲಿ ಅದು ಗರ್ಭನಿರೋಧಕ ಮಾತ್ರೆ. ನೆಗಡಿಗೂ ಹಾಗೇ. ಜೇ ಫ್ರ್ವಾ ಅಂದರೆ ನನಗೆ ಚಳಿಯಾಗುತ್ತಿದೆ ಎಂದಷ್ಟೇ. ನೆಗಡಿಯಾಗಿದ್ದರೆ ಜೇ ಅಂ ರ್‍ಯೂಮ್ ಅನ್ನಬೇಕು.

ಈಗ ನಿಜವಾಗಿ ಎಡವುವ ಜಾಗಗಳಿಗೆ ಬರೋಣ. ತ್ರ್ವಾ ಫ್ವಾ ಪಾರ್ ಜೂರ್ ಎಂದರೆ ದಿನಕ್ಕೆ ಮೂರು ಸಲ. ಪಾಂದಾಂ ತ್ರ್ವಾ ಜೂರ್ ಎಂದರೆ ಮೂರು ದಿನ. ಬೇಗ ಹೇಳಿದರೆ ಎರಡರಲ್ಲೂ ಕಿವಿಗೆ ಬೀಳುವುದು ತ್ರ್ವಾ, ಜೂರ್ ಅಷ್ಟೇ. ನಡುವಿನ ಫ್ವಾ ಇದೆಯಾ ಇಲ್ಲವಾ ಎಂದು ಹಿಡಿಯಬೇಕು. ಇನ್ನೊಂದು ಇದಕ್ಕಿಂತ ಅಪಾಯ. ತೂತ್ ಲೇ ದಜ಼ರ್ ಎಂದರೆ ಎರಡು ಗಂಟೆಗೊಮ್ಮೆ. ತೂತ್ ಲೇ ದೂಜ಼ರ್ ಎಂದರೆ ಹನ್ನೆರಡು ಗಂಟೆಗೊಮ್ಮೆ. ಒಂದು ಸ್ವರದ ವ್ಯತ್ಯಾಸಕ್ಕೆ ಮಾತ್ರೆ ಆರು ಪಟ್ಟಾಗುತ್ತದೆ! ಹನ್ನೆರಡರ ದೂ ಹೇಳುವಾಗ ನಮ್ಮ ದೂರದ ದೂ ಹಾಗೇ ಬಾಯಿ ಇರುತ್ತದೆ. ಎರಡಕ್ಕೆ ತುಟಿ ದುಂಡಾಗಿದ್ದರೂ ನಾಲಿಗೆ ಮುಂದಿರುತ್ತದೆ. ಕನ್ನಡಿ ಮುಂದೆ ಹತ್ತು ಸಲ ಹೇಳಿ ನೋಡಿದರೆ ಕಿವಿಗೂ ಬೇರೆಬೇರೆಯಾಗಿ ಕೇಳಲು ಶುರುವಾಗುತ್ತದೆ.

ಮಾತ್ರೆಯ ತೂಕವೂ ನೋಡಿಕೊಳ್ಳಿ. ನಮ್ಮಲ್ಲಿ 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಎಲ್ಲರ ಮನೆಯಲ್ಲೂ ಇರುತ್ತದೆ, ಅಲ್ವಾ? ಫ್ರಾನ್ಸ್‌ನಲ್ಲಿ ದೊಡ್ಡವರಿಗೆ ಸಾಮಾನ್ಯವಾಗಿ ಸಿಗುವುದು 500 ಅಥವಾ 1000 ಮಿಲಿಗ್ರಾಂನದು. ವೈದ್ಯರು ಹೇಳದೆ ಒಂದು ಸಲಕ್ಕೆ 1 ಗ್ರಾಂ, ದಿನಕ್ಕೆ 3 ಗ್ರಾಂ ದಾಟಬಾರದು ಎಂಬುದು ಅಲ್ಲಿನ ಸಲಹೆ. 1000ದ ಮಾತ್ರೆಯಾದರೆ ದಿನಕ್ಕೆ ಮೂರಕ್ಕೇ ಮುಗಿಯಿತು. ಜ್ವರ ಜಾಸ್ತಿ ಇದೆ ಎಂದು ಒಟ್ಟಿಗೆ ಎರಡು ನುಂಗಬೇಡಿ, ಮಿತಿ ಮೀರಿದರೆ ಲಿವರ್‌ಗೆ ಏಟು ಬೀಳಬಹುದು.

ಆದ್ದರಿಂದ ಸಂಭಾಷಣೆ ಇನ್ನೂ ಮುಗಿದಿಲ್ಲ. ಪ್ರವಾಸಿ ಕೇಳಿದ್ದನ್ನು ತಾನೇ ವಾಪಸ್ ಹೇಳಬೇಕು.

ಪ್ರವಾಸಿ: ಪ್ಲ್ಯು ಲಾಂತ್‌ಮಾಂ, ಸಿಲ್ ವೂ ಪ್ಲೇ. (ಸ್ವಲ್ಪ ನಿಧಾನವಾಗಿ ಹೇಳಿ, ದಯವಿಟ್ಟು.) ಅಂ ಕೋಂಪ್ರಿಮೇ ತೂತ್ ಲೇ ಸೀಜ಼ರ್, ಸೆ ಸಾ? (ಆರು ಗಂಟೆಗೊಮ್ಮೆ ಒಂದು, ಹೌದಲ್ವಾ?)

ಫಾರ್ಮಸಿಸ್ಟ್: ವಿ, ಸೆ ಸಾ. (ಹೌದು.)

ಪ್ರವಾಸಿ: ವೂ ಪೂವೇ ಲೆಕ್ರೀರ್ ಸ್ಯುರ್ ಲಾ ಬ್ವಾತ್? (ಡಬ್ಬಿ ಮೇಲೆ ಬರೆದುಕೊಡ್ತೀರಾ?)

ಒಂದೇ ವಾಕ್ಯ ಬಾಯಿಪಾಠ ಮಾಡುವುದಾದರೆ ಈ ಕೊನೆಯದನ್ನೇ ಮಾಡಿ. ಡಬ್ಬಿ ಮೇಲೆ ಬರೆದುಕೊಡುವುದು ಅಲ್ಲಿನ ಫಾರ್ಮಸಿಸ್ಟರಿಗೆ ರೂಢಿ, ಕೇಳಲು ಸಂಕೋಚ ಬೇಡ. ದುಡ್ಡು ಕೊಡುವಾಗ ಕಾರ್ತ್ ವಿತಾಲ್ ಇದೆಯಾ ಎಂದು ಕೇಳಬಹುದು. ಅದು ಅಲ್ಲಿನವರ ಆರೋಗ್ಯ ವಿಮೆಯ ಕಾರ್ಡು. ನೋಂ, ಜ ಸ್ವಿ ತೂರೀಸ್ತ್ ಅಂದರೆ ಸಾಕು. ಹೊರಡುವಾಗ ಮೆರ್ಸಿ, ಬಾನ್ ಜೂರ್ನೇ.

ಉಸಿರಾಟದ ತೊಂದರೆಯೋ ಎದೆನೋವೋ ಇದ್ದರೆ ಈ ಮಾತುಕತೆಗೆ ನಿಲ್ಲಬೇಡಿ, 15 ಅಥವಾ 112ಕ್ಕೆ ಫೋನ್ ಮಾಡಿ. ಭಾನುವಾರ ಅಂಗಡಿ ಮುಚ್ಚಿದ್ದರೆ ಫಾರ್ಮಸಿ ದ ಗಾರ್ದ್ ಎಲ್ಲಿ ಎಂದು ವಿಚಾರಿಸಿ, ಅದು ಸರದಿಯ ಮೇಲೆ ತೆರೆದಿರುವ ಅಂಗಡಿ.

ಈಗ ಆಟ. ಮೊದಲ ಸುತ್ತು ಕಾಗದ ನೋಡಿಕೊಂಡು ಓದಿ. ಎರಡನೇ ಸುತ್ತಿನಲ್ಲಿ ಪ್ರವಾಸಿಯ ಕೈಯಿಂದ ಕಾಗದ ತೆಗೆದುಬಿಡಿ. ಮೂರನೇ ಸುತ್ತಿಗೆ ಫಾರ್ಮಸಿಸ್ಟ್ ಐದಾರು ಚೀಟಿ ಮಾಡಿಕೊಳ್ಳಲಿ: ಒಂದರಲ್ಲಿ ಎರಡು ಗಂಟೆಗೊಮ್ಮೆ, ಒಂದರಲ್ಲಿ ಹನ್ನೆರಡು ಗಂಟೆಗೊಮ್ಮೆ, ಒಂದರಲ್ಲಿ ದಿನಕ್ಕೆ ಮೂರು ಸಲ, ಒಂದರಲ್ಲಿ ಮೂರು ದಿನ. ಒಂದು ಚೀಟಿ ಎತ್ತಿ, ಪ್ರವಾಸಿಗೆ ತೋರಿಸದೆ, ಸಾಮಾನ್ಯ ವೇಗದಲ್ಲೇ ಹೇಳಲಿ. ಪ್ರವಾಸಿ ಕೇಳಿದ್ದನ್ನು ವಾಪಸ್ ಹೇಳಿ, ಡಬ್ಬಿ ಮೇಲೆ ಕನ್ನಡದಲ್ಲಿ ಬರೆಯಲಿ. ಆಮೇಲೆ ಚೀಟಿಯನ್ನೂ ಡಬ್ಬಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬೇರೆಯಾಗಿದ್ದರೆ ಅದೇ ಚೀಟಿ ಮತ್ತೆ. ಐದು ಚೀಟಿ ಸಾಲಾಗಿ ಸರಿಯಾದ ಮೇಲೆ ಜಾಗ ಬದಲಿಸಿಕೊಳ್ಳಿ.