ಮಂಡಿ ಪಟ್ಟಿಯಿಂದ ವಿಡಿಯೊ ವಿಚಾರಣೆಯವರೆಗೆ: ಒಂದು ಲಿಖಿತ ವಾದ ಸಿದ್ಧವಾದ ಬಗೆ

ಕೋಲಾರದಲ್ಲಿ ಆದಾಯ ತೆರಿಗೆ ಸಲಹೆಗಾರನಾಗಿ ನಾನು ನಡೆಸಿದ ಪ್ರಕರಣಗಳಲ್ಲಿ ಹೆಚ್ಚು ಶ್ರಮ ಬೇಡಿದ್ದು ನೋಟು ರದ್ದತಿ ಕಾಲದ ಠೇವಣಿಗಳ ಮೇಲ್ಮನವಿಗಳು. ಅವುಗಳಲ್ಲಿ ಒಂದನ್ನು ಇಲ್ಲಿ ಬರೆಯುತ್ತಿದ್ದೇನೆ. ಮುಳಬಾಗಿಲು ತಾಲ್ಲೂಕಿನ ಟೊಮೆಟೊ ಬೆಳೆಗಾರರೊಬ್ಬರು 2016ರ ನವೆಂಬರ್‌ನಲ್ಲಿ ಹಳೆಯ ನೋಟುಗಳಲ್ಲಿ 9,40,000 ರೂಪಾಯಿಯನ್ನು ತಮ್ಮ ಖಾತೆಗೆ ಕಟ್ಟಿದ್ದರು. ನೋಟಿಸುಗಳಿಗೆ ಉತ್ತರ ಹೋಗಿರಲಿಲ್ಲ. ತೆರಿಗೆ ಅಧಿಕಾರಿ ಇಡೀ ಮೊತ್ತವನ್ನು ಕಲಂ 69ಎ ಅಡಿಯಲ್ಲಿ ಮೂಲ ತಿಳಿಸದ ಹಣವೆಂದು ಪರಿಗಣಿಸಿ, ಸರ್ಚಾರ್ಜು, ಸೆಸ್ಸು ಸೇರಿ ಶೇಕಡಾ 77.25ರ ದರದಲ್ಲಿ ತೆರಿಗೆ ಹೇರಿದ್ದರು. ಬೆಳೆದು ಮಾರಿದ ಹಣಕ್ಕೆ ಏಳು ಲಕ್ಷಕ್ಕೂ ಮೀರಿದ ಬೇಡಿಕೆ.

ಮೇಲ್ಮನವಿ ಫೇಸ್‌ಲೆಸ್ ವ್ಯವಸ್ಥೆಗೆ ಹೋಯಿತು. ಅಲ್ಲಿ ತೀರ್ಪು ಕೊಡುವ ಆಯುಕ್ತರು ದೇಶದ ಯಾವ ಊರಿನಲ್ಲಾದರೂ ಕುಳಿತಿರಬಹುದು. ಅವರಿಗೆ ಕನ್ನಡ ಓದಲು ಬರದೆ ಇರಬಹುದು, ಕೋಲಾರದ ಎಪಿಎಂಸಿಯಲ್ಲಿ ಹರಾಜು ಹೇಗೆ ನಡೆಯುತ್ತದೆ ಎಂಬುದೂ ಗೊತ್ತಿಲ್ಲದಿರಬಹುದು. 2021ರ ಫೇಸ್‌ಲೆಸ್ ಮೇಲ್ಮನವಿ ಯೋಜನೆಯ ಪ್ರಕಾರ ಕೇಳಿಕೊಂಡರೆ ವಿಡಿಯೊ ಮೂಲಕ ವಿಚಾರಣೆ ಸಿಗುತ್ತದೆ. ಆದರೆ ಅದು ಚಿಕ್ಕದು. ಕೊನೆಗೆ ಅವರ ಮುಂದೆ ಉಳಿಯುವುದು ನಾವು ಆದಾಯ ತೆರಿಗೆ ಪೋರ್ಟಲ್‌ಗೆ ಏರಿಸಿದ ಕಾಗದಗಳೇ. ಆದ್ದರಿಂದ ನಾನು ವಾದ ಬರೆಯುವ ಮೊದಲು ಲೆಕ್ಕವನ್ನೇ ಹಿಡಿದು ಕೂರುತ್ತೇನೆ.

ಇಂಥ ಪ್ರಕರಣದಲ್ಲಿ ಉತ್ತರಿಸಬೇಕಾದ ಪ್ರಶ್ನೆ ಒಂದೇ: 2016ರ ನವೆಂಬರ್ 8ರ ರಾತ್ರಿ ಈ ಮನುಷ್ಯನ ಕೈಯಲ್ಲಿ ಎಷ್ಟು ನಗದು ಇತ್ತು? ವರ್ಷದ ಒಟ್ಟು ಮಾರಾಟ ತೋರಿಸಿದರೆ ಸಾಲದು. ಬೆಳೆ ಮಾರಿದಾಗ ಮಂಡಿಯವರು ಬರೆದುಕೊಡುವ ಪಟ್ಟಿಗಳಲ್ಲಿ ನವೆಂಬರ್ 8ರ ನಂತರದವು ಹಳೆಯ ನೋಟಿನ ಠೇವಣಿಗೆ ಆಧಾರವಾಗುವುದಿಲ್ಲ, ಅವನ್ನು ನಾನು ಬದಿಗಿಟ್ಟೆ. ಉಳಿದ ಲೆಕ್ಕ ಹೀಗೆ ಬಂತು. ಏಪ್ರಿಲ್ 1ಕ್ಕೆ ಕೈಯಲ್ಲಿದ್ದ ನಗದು 85,000, ಅದಕ್ಕೆ ಮಾರ್ಚ್ ತಿಂಗಳಲ್ಲಿ ಬ್ಯಾಂಕಿನಿಂದ ತೆಗೆದ ಹಣ ಆಧಾರ. ನವೆಂಬರ್ 8ರವರೆಗಿನ ಮಂಡಿ ಪಟ್ಟಿಗಳ ಮೊತ್ತ 14,20,000. ನಡುವೆ ಖಾತೆಯಿಂದ ತೆಗೆದದ್ದು 60,000. ಒಟ್ಟು 15,65,000. ಇದರಲ್ಲಿ ಸಸಿ, ಗೊಬ್ಬರ, ಔಷಧಿ, ಕೂಲಿಗೆ 4,30,000, ಮನೆ ಖರ್ಚಿಗೆ 1,60,000 ಕಳೆದರೆ ಉಳಿದದ್ದು 9,75,000. ಠೇವಣಿ ಅದಕ್ಕಿಂತ ಕಡಿಮೆ. ಮನೆ ಖರ್ಚನ್ನು ತೀರಾ ತಗ್ಗಿಸಿ ತೋರಿಸಬೇಡಿ. ಸಂಸಾರಸ್ಥರೊಬ್ಬರು ಏಳು ತಿಂಗಳು ಇಪ್ಪತ್ತು ಸಾವಿರದಲ್ಲಿ ಬದುಕಿದರೆಂದು ಬರೆದರೆ ಉಳಿದ ಅಂಕಿಗಳ ಮೇಲೂ ನಂಬಿಕೆ ಹೋಗುತ್ತದೆ.

ಬ್ಯಾಂಕ್ ಖಾತೆ ಇದ್ದೂ ಇಷ್ಟು ಹಣ ಮನೆಯಲ್ಲೇಕೆ ಎಂಬುದು ಆಯುಕ್ತರು ಕೇಳಿಯೇ ಕೇಳುವ ಪ್ರಶ್ನೆ. ರೈತರು ನನಗೆ ಹೇಳಿದ್ದು: "ಮಗಳ ಮದುವೆ ಗೊತ್ತಾಗಿತ್ತು ಸಾರ್, ಬೋರ್‌ವೆಲ್ ಕೊರೆಸುವುದೂ ಇತ್ತು. ದುಡ್ಡು ಕೈಯಲ್ಲಿರಲಿ ಅಂತ ಇಟ್ಟಿದ್ದೆ." ಈ ಮಾತನ್ನು ವಾದದಲ್ಲಿ ಬರೆದು, ಲಗ್ನಪತ್ರಿಕೆಯನ್ನೂ ಲಗತ್ತಿಸಿದೆ.

ಮುಂದಿನ ಕಷ್ಟ ದಾಖಲೆಗಳದ್ದು. ಪಹಣಿ ತರಿಸುವಾಗ ಈಗಿನ ವರ್ಷದ್ದಲ್ಲ, 2016-17ರದ್ದೇ ಬೇಕು. ಭೂಮಿ ತಂತ್ರಾಂಶದಲ್ಲಿ ವರ್ಷ ಆರಿಸಿ ನೋಡಬಹುದು. ಈ ಪ್ರಕರಣದಲ್ಲಿ ಪಹಣಿ ತಂದೆಯ ಹೆಸರಿನಲ್ಲಿತ್ತು, ಬೆಳೆಯ ಕಲಮಿನಲ್ಲಿ ರಾಗಿ ಎಂದಿತ್ತು. ಮಂಡಿ ಪಟ್ಟಿಗಳಲ್ಲಿ ಬರೆದದ್ದು ಊರವರು ಕರೆಯುವ ಹೆಸರು. ಇವನ್ನು ಮುಚ್ಚಿಡುವ ಬದಲು ನಾವೇ ಎತ್ತಿ ಹೇಳುವುದು ಮೇಲು. ವಂಶವೃಕ್ಷ, ಗ್ರಾಮ ಆಡಳಿತಾಧಿಕಾರಿಯ ಬೆಳೆ ದೃಢೀಕರಣ, ಎರಡು ಹೆಸರೂ ಒಬ್ಬರದೇ ಎಂಬ ಪ್ರಮಾಣಪತ್ರ, ಮೂರನ್ನೂ ಸೇರಿಸಿದೆ. ಕನ್ನಡದ ಪ್ರತಿಯೊಂದು ದಾಖಲೆಯ ಹಿಂದೆಯೇ ಅದರ ಇಂಗ್ಲಿಷ್ ಅನುವಾದ. ನೂರಾರು ಪಟ್ಟಿಗಳನ್ನು ಒಂದೊಂದಾಗಿ ಅನುವಾದಿಸಲಾಗದು. ಮಾದರಿಗೆ ಒಂದನ್ನು ಪೂರ್ತಿ ಅನುವಾದಿಸಿ, ಉಳಿದವಕ್ಕೆ ದಿನಾಂಕ, ಬಾಕ್ಸುಗಳ ಸಂಖ್ಯೆ, ದರ, ಹಮಾಲಿ ಮತ್ತಿತರ ಕಡಿತ, ಕೈಗೆ ಬಂದ ಮೊತ್ತ, ಪುಟ ಸಂಖ್ಯೆ ಇರುವ ಇಂಗ್ಲಿಷ್ ಪಟ್ಟಿಕೆ ಮಾಡಿದೆ.

ಈ ದಾಖಲೆಗಳು ಯಾವುವೂ ತೆರಿಗೆ ಅಧಿಕಾರಿಯ ಮುಂದೆ ಹೋಗಿರಲಿಲ್ಲ. ಹಾಗಿದ್ದಾಗ ಬರೀ ಏರಿಸಿದರೆ ಅವುಗಳನ್ನು ಪರಿಗಣಿಸದೆ ಬಿಡಬಹುದು. ನಿಯಮ 46ಎ ಅಡಿಯಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಪ್ರತ್ಯೇಕ ಅರ್ಜಿ ಬೇಕು, ಮೊದಲೇ ಏಕೆ ಕೊಡಲಾಗಲಿಲ್ಲ ಎಂಬುದಕ್ಕೆ ಸಾಕಷ್ಟು ಕಾರಣ ತೋರಿಸಬೇಕು. ನೋಟಿಸುಗಳೆಲ್ಲ ಹಳೆಯ ಇಮೇಲ್ ವಿಳಾಸಕ್ಕೆ ಹೋಗಿದ್ದವು, ರೈತರು ಅದನ್ನು ತೆರೆಯುತ್ತಲೇ ಇರಲಿಲ್ಲ. ಆ ಕಾರಣ ಬರೆದು ಪ್ರಮಾಣಪತ್ರ ಜೋಡಿಸಿದೆ. ಅರ್ಜಿ ಅಂಗೀಕಾರವಾದರೆ ಆ ದಾಖಲೆಗಳನ್ನು ಪರಿಶೀಲಿಸಲು ತೆರಿಗೆ ಅಧಿಕಾರಿಗೂ ಅವಕಾಶ ಕೊಡುತ್ತಾರೆ. ಆದ್ದರಿಂದ ಮೂಲ ಪಟ್ಟಿಗಳನ್ನು ರೈತರು ಜೋಪಾನವಾಗಿಟ್ಟಿರಬೇಕು.

ಇನ್ನು ಸ್ಕ್ಯಾನ್. ಪೋರ್ಟಲ್‌ನ `e-Proceedings` ವಿಭಾಗದಲ್ಲಿ ಒಂದು ಕಡತ 5 ಎಂಬಿ ಮೀರುವಂತಿಲ್ಲ, ಒಂದು ಬಾರಿಗೆ ಹತ್ತು ಲಗತ್ತುಗಳು. ಮಂಡಿ ಪಟ್ಟಿಗಳು ಕಾರ್ಬನ್ ಪ್ರತಿಗಳು. ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ತೆಳು ಅಕ್ಷರ ಮಾಯವಾಗುತ್ತದೆ, ಬಣ್ಣದಲ್ಲಿ 300 ಡಿಪಿಐಗೆ ಮಾಡಿದರೆ ಕಡತ ಊದಿಕೊಳ್ಳುತ್ತದೆ. 200 ಡಿಪಿಐ, ಬೂದು ಛಾಯೆ ನನಗೆ ಸರಿಹೋಗಿದೆ. ಒಂದು ಹಾಳೆಯ ಮೇಲೆ ನಾಲ್ಕು ಪಟ್ಟಿ ಜೋಡಿಸಿ ಸ್ಕ್ಯಾನ್ ಮಾಡಿದೆ. ಹಾಳೆಗಳಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಸರಣಿಯಲ್ಲಿ ಪುಟ ಸಂಖ್ಯೆ ಹಾಕಿದ ಮೇಲೆ ಕಡತಗಳಾಗಿ ಒಡೆಯಬೇಕು. ಕಡತಕ್ಕೊಂದು ಹೊಸ ಸರಣಿ ಶುರುಮಾಡಿದರೆ "ಪುಟ 12" ಎಂದಾಗ ಯಾವುದರ ಪುಟ ಎಂಬ ಗೊಂದಲ ಬರುತ್ತದೆ. ಬ್ಯಾಂಕ್ ಕಳುಹಿಸುವ ಪಿಡಿಎಫ್‌ಗೆ ಸಾಮಾನ್ಯವಾಗಿ ಪಾಸ್‌ವರ್ಡ್ ಇರುತ್ತದೆ. ನಮ್ಮ ಯಂತ್ರದಲ್ಲಿ ತೆರೆಯುತ್ತದೆ, ಆಯುಕ್ತರಿಗೆ ತೆರೆಯುವುದಿಲ್ಲ. ಪಾಸ್‌ವರ್ಡ್ ಕೊಟ್ಟು ತೆರೆದು, ಪ್ರಿಂಟ್ ಆಜ್ಞೆಯಿಂದ ಮತ್ತೆ ಪಿಡಿಎಫ್ ಆಗಿ ಉಳಿಸಿಕೊಳ್ಳಬೇಕು. ಹೆಸರುಗಳಲ್ಲಿ ಅಲ್ಪವಿರಾಮ, ಆವರಣ, ವಿಶೇಷ ಚಿಹ್ನೆ ಬೇಡ:

```
01_Written_Submission.pdf
02_Rule_46A_Application.pdf
03_Cash_Flow_Pages_19_22.pdf
04_Mandi_Slips_Pages_23_40.pdf
```

ವಾದದ ಪ್ರತಿ ಅಂಕಿಯ ಎದುರು ಪುಟ ಸಂಖ್ಯೆ ಬರೆದೆ: 14,20,000, ಪುಟ 23ರಿಂದ. ವಾದವನ್ನು ಪರದೆಯ ಪಠ್ಯಪೆಟ್ಟಿಗೆಯಲ್ಲಿ ತುಂಬಬಾರದು, ಅಲ್ಲಿ ಅಕ್ಷರಗಳಿಗೆ ಮಿತಿಯಿದೆ, ಅಂಕಿಗಳ ಪಟ್ಟಿಕೆಯೂ ಚೆದುರಿಹೋಗುತ್ತದೆ. ಪೆಟ್ಟಿಗೆಯಲ್ಲಿ ನಾಲ್ಕು ಸಾಲಿನ ಸಾರಾಂಶ ಹಾಗೂ ವಿಡಿಯೊ ವಿಚಾರಣೆಯ ಕೋರಿಕೆ ಸಾಕು.

ಲಗತ್ತುಗಳು ಹತ್ತಕ್ಕಿಂತ ಹೆಚ್ಚಿದ್ದುದರಿಂದ ಮೊದಲು `Partial Response` ಆರಿಸಿ ಒಂದು ಕಂತು ಕಳುಹಿಸಿದೆ. `Full Response` ಒತ್ತುವುದು ಎಲ್ಲ ಕಡತ ಹೋದ ಮೇಲೆ, ಕೊನೆಯ ಕಂತಿಗೆ ಮಾತ್ರ. ಒತ್ತಿದ ಮೇಲೆ ಇನ್ನೇನನ್ನೂ ಸೇರಿಸಲಾಗದು ಎಂದೇ ತಿಳಿದು ನಡೆಯಬೇಕು. ಗಡುವಿನ ದಿನಕ್ಕೆ ಉಳಿಸಿಕೊಳ್ಳದೆ ಎರಡು ದಿನ ಮುಂಚಿತವಾಗಿ ಏರಿಸಿದೆ. ಆ ಹೊತ್ತಿಗೆ ದಾಖಲೆ ಕೈಸೇರಿರದಿದ್ದರೆ ಗಡುವು ಮುಗಿಯುವ ಮೊದಲೇ ಕಾಲಾವಕಾಶ ಕೇಳುತ್ತಿದ್ದೆ. ಪೋರ್ಟಲ್‌ನಲ್ಲಿ ಅದಕ್ಕೆ ಬೇರೆ ಗುಂಡಿಯೇ ಇದೆ. ಸ್ವೀಕೃತಿ ಸಂಖ್ಯೆಯನ್ನು ಉಳಿಸಿಕೊಂಡು, ಏರಿಸಿದ ಕಡತಗಳನ್ನು ಪೋರ್ಟಲ್‌ನಿಂದಲೇ ಮತ್ತೆ ಇಳಿಸಿ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿದೆ.

ವಿಚಾರಣೆಯ ದಿನ ರೈತರು ನನ್ನ ಪಕ್ಕದಲ್ಲೇ ಕುಳಿತಿದ್ದರು. ಆಯುಕ್ತರು ಮೊದಲು ಕೇಳಿದ್ದು ಪಹಣಿಯ ರಾಗಿಯ ಬಗ್ಗೆ. ಬೆಳೆ ದೃಢೀಕರಣದ ಪುಟ ಸಂಖ್ಯೆ ಹೇಳಿದೆ, ಅವರು ಅಲ್ಲಿಯೇ ತೆರೆದು ಓದಿದರು. ಎರಡನೆಯದು ಮನೆಯಲ್ಲಿ ಹಣವಿಟ್ಟ ಕಾರಣ. ಆ ಉತ್ತರವನ್ನು ರೈತರೇ ಕನ್ನಡದಲ್ಲಿ ಕೊಟ್ಟರು, ನಾನು ಇಂಗ್ಲಿಷಿನಲ್ಲಿ ಹೇಳಿದೆ. 46ಎ ಅರ್ಜಿಯನ್ನು ಅಂಗೀಕರಿಸಿ ತೆರಿಗೆ ಅಧಿಕಾರಿಯ ವರದಿ ತರಿಸಿಕೊಳ್ಳುವುದಾಗಿ ಆಯುಕ್ತರು ತಿಳಿಸಿದರು. ಆ ವರದಿಗೆ ನಾವು ಕೊಡುವ ಪ್ರತ್ಯುತ್ತರವೂ ಇದೇ ಪುಟ ಸರಣಿಯನ್ನು ಮುಂದುವರಿಸಬೇಕು ಎಂದು ಅಂದೇ ಗುರುತು ಹಾಕಿಕೊಂಡೆ.